ಗ್ಯಾಂಟ್ ಚಾರ್ಟ್‌ನಲ್ಲಿ ಬಾಣ ಎಳೆಯುವ ಮುನ್ನ: ಫಿನಿಶ್-ಟು-ಸ್ಟಾರ್ಟ್, ಸ್ಟಾರ್ಟ್-ಟು-ಸ್ಟಾರ್ಟ್ ಮತ್ತು ಲ್ಯಾಗ್

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ಅವಧಿಯಲ್ಲಿ ಮಲ್ಪೆ ಬಂದರಿನ ಒಬ್ಬ ಕಮಿಷನ್ ಏಜೆಂಟರು ಉಡುಪಿಯ ಮೂರು ಜನರ ಪುಟ್ಟ ತಂಡವೊಂದಕ್ಕೆ ಕೆಲಸ ಒಪ್ಪಿಸುತ್ತಾರೆ ಎಂದು ಇಟ್ಟುಕೊಳ್ಳೋಣ. ಬೋಟುಗಳ ಖಾತೆ, ಏಲಂ ದರದ ದಾಖಲೆ ಮತ್ತು ಖರೀದಿದಾರರ ಬಿಲ್ಲು ಇವಿಷ್ಟನ್ನೂ ನೋಡಿಕೊಳ್ಳುವ ಆಂಡ್ರಾಯ್ಡ್ ಆ್ಯಪ್ ಒಂದು ಆಗಬೇಕು; ಆಗಸ್ಟ್ 1ರಂದು ಬೋಟುಗಳು ಕಡಲಿಗಿಳಿಯುವಾಗ ಅದು ಗುಮಾಸ್ತರ ಕೈಯಲ್ಲಿರಬೇಕು. ತಂಡದಲ್ಲಿ ಸರ್ವರ್ ಭಾಗ ಬರೆಯುವವರು ಒಬ್ಬರು, ಆ್ಯಪ್ ಬರೆಯುವವರು ಒಬ್ಬರು, ಪರೀಕ್ಷೆ ನಡೆಸುವವರು ಒಬ್ಬರು. ಸೋಮವಾರದಿಂದ ಶುಕ್ರವಾರದವರೆಗೆ ಕೆಲಸ. ದಿನಾಂಕಗಳನ್ನು 2025ರ ಕ್ಯಾಲೆಂಡರಿನಿಂದ ತೆಗೆದುಕೊಂಡಿದ್ದೇನೆ. ಆ ವರ್ಷ ಜೂನ್ 2 ಸೋಮವಾರ, ಆಗಸ್ಟ್ 1 ಶುಕ್ರವಾರ.

ಗ್ಯಾಂಟ್ ಚಾರ್ಟ್‌ನಲ್ಲಿ ಪ್ರತಿ ಕೆಲಸವೂ ದಿನಾಂಕಗಳ ಮೇಲೆ ಚಾಚಿದ ಒಂದು ಅಡ್ಡ ಬಾರ್; ಒಂದು ಕೆಲಸ ಇನ್ನೊಂದಕ್ಕೆ ಕಾಯಬೇಕು ಎಂಬುದನ್ನು ಬಾಣ ತೋರಿಸುತ್ತದೆ. ಈ ಒಂದೇ ಯೋಜನೆಯನ್ನು ಹಿಡಿದು, ಕಾರ್ಯಗಳ ನಡುವೆ ಯಾವ ಬಗೆಯ ಸಂಬಂಧ ಹಾಕಬೇಕು, ಹಾಕಿದ್ದು ಸರಿಯೇ ಎಂದು ಹೇಗೆ ತಿಳಿಯಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ. ವಿಶೇಷ ತಂತ್ರಾಂಶವೇನೂ ಬೇಕಿಲ್ಲ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಸಾಕು. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಳಸುವವರಿಗಾಗಿ ಅಲ್ಲಿನ ಬರವಣಿಗೆಯ ಕ್ರಮವನ್ನೂ ಅಲ್ಲಲ್ಲಿ ಸೂಚಿಸಿದ್ದೇನೆ.

## ಮೂರು ಪದಗಳ ಅರ್ಥ

ಫಿನಿಶ್-ಟು-ಸ್ಟಾರ್ಟ್ ಎಂದರೆ ಮೊದಲ ಕೆಲಸ ಮುಗಿದ ಮೇಲೆಯೇ ಎರಡನೆಯದು ಆರಂಭವಾಗಬಹುದು. ಡೇಟಾಬೇಸಿನ ವಿನ್ಯಾಸ ಮುಗಿಯದೆ ಸರ್ವರ್ ಭಾಗದ ಬರವಣಿಗೆ ಹೊರಡುವುದಿಲ್ಲ ಎಂಬುದು ಇದಕ್ಕೆ ಉದಾಹರಣೆ. ಸ್ಟಾರ್ಟ್-ಟು-ಸ್ಟಾರ್ಟ್ ಎಂದರೆ ಮೊದಲ ಕೆಲಸ ಆರಂಭವಾಗಿದ್ದರೆ ಸಾಕು, ಅದು ನಡೆಯುತ್ತಿರುವಾಗಲೇ ಎರಡನೆಯದು ಆರಂಭವಾಗಬಹುದು. ಲ್ಯಾಗ್ ಎಂಬುದು ಸ್ವತಂತ್ರ ಸಂಬಂಧವಲ್ಲ. ಮೇಲಿನ ಎರಡರಲ್ಲಿ ಯಾವುದಕ್ಕಾದರೂ ತಗುಲಿಸುವ ಕಾಯುವ ಅವಧಿ. ಫಿನಿಶ್-ಟು-ಸ್ಟಾರ್ಟ್‌ಗೆ 2 ದಿನದ ಲ್ಯಾಗ್ ಕೊಟ್ಟರೆ, ಮೊದಲನೆಯದು ಮುಗಿದು ಇನ್ನೆರಡು ದಿನ ಕಳೆದ ಮೇಲೆ ಎರಡನೆಯದು ಶುರುವಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮೊದಲೇ ಗಮನಿಸಬೇಕು. ಬಾಣ ಹೇಳುವುದು "ಇದಕ್ಕಿಂತ ಮುಂಚೆ ಆಗದು" ಎಂದಷ್ಟೇ. "ಆ ದಿನವೇ ಆಗಬೇಕು" ಎಂದು ಅದು ಹೇಳುವುದಿಲ್ಲ. ಸ್ಟಾರ್ಟ್-ಟು-ಸ್ಟಾರ್ಟ್ ಹಾಕಿದರೆ ಎರಡೂ ಕೆಲಸ ಒಟ್ಟಿಗೇ ಆರಂಭವಾಗಬೇಕು ಎಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ಅದು ತಪ್ಪು. ಎರಡನೆಯದು ಎಷ್ಟು ತಡವಾಗಿ ಆರಂಭವಾದರೂ ಆ ಸಂಬಂಧಕ್ಕೆ ಭಂಗವಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು: ಈ ಚಾರ್ಟಿಗೆ ಹೆಸರು ಕೊಟ್ಟ ಹೆನ್ರಿ ಗ್ಯಾಂಟ್ 1919ರಲ್ಲಿ ತೀರಿಕೊಂಡರು; ಅವರ ಚಾರ್ಟುಗಳಲ್ಲಿ ಈ ಬಾಣಗಳಿರಲಿಲ್ಲ. ಕಾರ್ಯಗಳನ್ನು ವೃತ್ತಗಳಾಗಿ ಬರೆದು ನಡುವೆ ಗೆರೆ ಎಳೆಯುವ ಪದ್ಧತಿಯನ್ನು ಸ್ಟ್ಯಾನ್‌ಫರ್ಡಿನ ಜಾನ್ ಫಾಂಡಾಲ್ ಪ್ರಕಟಿಸಿದ್ದು 1961ರಲ್ಲಿ. ಅಂದರೆ ಬಾರ್‌ಗಳು ಬೇರೆ, ಅವುಗಳನ್ನು ಕಟ್ಟಿಹಾಕುವ ತರ್ಕ ಬೇರೆ. ಬಾರ್‌ಗಳನ್ನು ಚೆನ್ನಾಗಿ ಬಿಡಿಸಿ ತರ್ಕವನ್ನು ಅವಸರದಲ್ಲಿ ಹಾಕಿದ ಚಾರ್ಟುಗಳೇ ಇಂದಿಗೂ ಹೆಚ್ಚು.

## ಮೊದಲ ಹಂತ: ಎಲ್ಲವನ್ನೂ ಒಂದರ ಹಿಂದೆ ಒಂದರಂತೆ ಇಡುವುದು

ಮೊದಲ ಕರಡಿನಲ್ಲಿ ಎಲ್ಲ ಕಡೆಯೂ ಫಿನಿಶ್-ಟು-ಸ್ಟಾರ್ಟ್ ಹಾಕುವುದು ಒಳ್ಳೆಯದು. ದಿನಾಂಕ ಎಷ್ಟು ದೂರ ಹೋದರೂ ಹೋಗಲಿ. ಯಾವ ಬಾಣವನ್ನು ಪ್ರಶ್ನಿಸಬೇಕು ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ನಮ್ಮ ಯೋಜನೆಯಲ್ಲಿ ಏಜೆಂಟರೊಡನೆ ಕುಳಿತು ಬೇಡಿಕೆಗಳನ್ನು ಬರೆದುಕೊಳ್ಳಲು 4 ದಿನ, ಡೇಟಾಬೇಸ್ ವಿನ್ಯಾಸಕ್ಕೆ 3, ಸರ್ವರ್ ಭಾಗಕ್ಕೆ 10, ಆ್ಯಪಿನ ಪರದೆಗಳಿಗೆ 12, ಒಳಗಿನ ಪರೀಕ್ಷೆಗೆ 5. ಅದರ ಬಳಿಕ ಪ್ಲೇ ಸ್ಟೋರಿನ ಪಾಲು ಬರುತ್ತದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾಗಿದ್ದರೆ, ಆ್ಯಪನ್ನು ಸಾರ್ವಜನಿಕವಾಗಿ ಬಿಡುಗಡೆ ಮಾಡುವ ಅನುಮತಿ ಕೇಳುವ ಮೊದಲು ಕನಿಷ್ಠ 12 ಮಂದಿ ಪರೀಕ್ಷಕರು ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಸೇರಿಕೊಂಡಿರಬೇಕು ಎಂಬುದು ಗೂಗಲ್‌ನ ನಿಯಮ. ಸಂಸ್ಥೆಯ ಹೆಸರಿನ ಖಾತೆಗೆ ಈ ನಿಯಮವಿಲ್ಲ. ನಮ್ಮ ತಂಡದ್ದು ವೈಯಕ್ತಿಕ ಖಾತೆ. ಬಿಲ್ಡ್ ಏರಿಸಿ 12 ಮಂದಿಯನ್ನು ಸೇರಿಸಲು 3 ದಿನ, ಬಳಿಕ 14 ದಿನದ ಕಾಯುವಿಕೆ, ಅನುಮತಿಯ ಅರ್ಜಿ ತುಂಬಲು 1 ದಿನ, ಅದರ ಪರಿಶೀಲನೆಗೆ 7 ದಿನ ಎಂದು ಇಟ್ಟುಕೊಂಡು, ಕೊನೆಗೆ ಬಿಡುಗಡೆ.

ಜೂನ್ 2ರಂದು ಹೊರಟರೆ ಸರ್ವರ್ ಭಾಗ ಜೂನ್ 24ಕ್ಕೆ, ಪರದೆಗಳು ಜುಲೈ 10ಕ್ಕೆ, ಒಳಗಿನ ಪರೀಕ್ಷೆ ಜುಲೈ 17ಕ್ಕೆ ಮುಗಿಯುತ್ತವೆ. 12 ಮಂದಿ ಸೇರುವಾಗ ಜುಲೈ 22. ಕಾಯುವಿಕೆ ಮುಗಿದು ಅರ್ಜಿ ಸಲ್ಲುವುದು ಆಗಸ್ಟ್ 6ಕ್ಕೆ, ಬಿಡುಗಡೆ ಆಗಸ್ಟ್ 14ಕ್ಕೆ. ಬೋಟುಗಳು ಕಡಲಿಗಿಳಿದು ಎರಡು ವಾರ ಆಗುತ್ತ ಬಂದಿರುತ್ತದೆ.

## ಎರಡನೆಯ ಹಂತ: ಸ್ಟಾರ್ಟ್-ಟು-ಸ್ಟಾರ್ಟ್ ಹಾಕುವ ಆಸೆ

ದಿನಾಂಕ ಮೀರಿದಾಗ ಎಲ್ಲರ ಕೈ ಹೋಗುವುದು ಎರಡು ಉದ್ದದ ಬಾರ್‌ಗಳ ಕಡೆಗೆ. ಸರ್ವರ್ ಬರೆಯುವವರು ನಾಲ್ಕು ದಿನದಲ್ಲಿ ಬೋಟುಗಳ ಮತ್ತು ಖರೀದಿದಾರರ ಪಟ್ಟಿಯ ಭಾಗವನ್ನು ಮುಗಿಸಿ ಕೊಡುತ್ತಾರೆ. ಆ್ಯಪ್ ಬರೆಯುವವರು ಅಷ್ಟರ ಮೇಲೆ ಕೆಲಸ ಶುರು ಮಾಡಬಹುದು. ಆದ್ದರಿಂದ ಸರ್ವರ್ ಮತ್ತು ಪರದೆಗಳ ನಡುವೆ 4 ದಿನದ ಲ್ಯಾಗ್ ಇರುವ ಸ್ಟಾರ್ಟ್-ಟು-ಸ್ಟಾರ್ಟ್ ಹಾಕುತ್ತೇವೆ. ಸರ್ವರ್ ಜೂನ್ 11ಕ್ಕೆ ಆರಂಭ, ಪರದೆಗಳು ಜೂನ್ 17ಕ್ಕೆ ಆರಂಭ, ಜುಲೈ 2ಕ್ಕೆ ಮುಕ್ತಾಯ. ಉಳಿದವು ಹಿಂದಿನಂತೆಯೇ ಇದ್ದರೆ ಬಿಡುಗಡೆ ಆಗಸ್ಟ್ 6ಕ್ಕೆ ಬರುತ್ತದೆ. ಎಂಟು ದಿನ ಉಳಿಯಿತು, ಆದರೂ ಗಡುವು ಮೀರಿಯೇ ಇದೆ.

ಇದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇದೆ. ಸರ್ವರ್ ಭಾಗದ ಕೊನೆಯ ತುಂಡು ಬಿಲ್ಲಿನ ಲೆಕ್ಕ. ಕಮಿಷನ್, ಐಸಿನ ಖರ್ಚು, ಮುಂಗಡದ ಕಡಿತ ಎಲ್ಲವೂ ಅದರಲ್ಲಿ ಬರುತ್ತವೆ. ಅದು ಅಂದುಕೊಂಡದ್ದಕ್ಕಿಂತ 5 ದಿನ ಹೆಚ್ಚು ಹಿಡಿಯಿತು ಎನ್ನೋಣ. ಸರ್ವರ್ ಭಾಗ ಜೂನ್ 24ರ ಬದಲು ಜುಲೈ 1ಕ್ಕೆ ಮುಗಿಯುತ್ತದೆ. ಚಾರ್ಟಿನಲ್ಲಿ ಏನಾಗುತ್ತದೆ? ಏನೂ ಆಗುವುದಿಲ್ಲ. ಸ್ಟಾರ್ಟ್-ಟು-ಸ್ಟಾರ್ಟ್ ಬಾಣ ಎರಡು ಆರಂಭಗಳನ್ನು ಮಾತ್ರ ಕಟ್ಟಿದೆ, ಮುಕ್ತಾಯಗಳನ್ನಲ್ಲ; ಆದ್ದರಿಂದ ಪರದೆಗಳ ಬಾರ್ ಕದಲದೆ ಜುಲೈ 2ರಲ್ಲೇ ನಿಂತಿರುತ್ತದೆ. ವಾಸ್ತವದಲ್ಲಿ ಬಿಲ್ಲಿನ ಪರದೆಗಳಿಗೆ 3 ದಿನದ ಕೆಲಸವಿದ್ದು, ಅದನ್ನು ಸರ್ವರ್ ಮುಗಿದ ಮೇಲೆಯೇ ಮಾಡಲು ಸಾಧ್ಯ. ಅಂದರೆ ನಿಜವಾದ ಮುಕ್ತಾಯ ಜುಲೈ 4. ಚಾರ್ಟು ಎರಡು ದಿನ ಕಡಿಮೆ ಹೇಳುತ್ತಿದೆ, ಮತ್ತು ಅದರ ಮೈಮೇಲೆ ಅದರ ಗುರುತೇ ಇಲ್ಲ.

ಈ ದೋಷವನ್ನು ಹಿಡಿಯಲು ಸುಲಭವಾದ ಪರೀಕ್ಷೆಯೊಂದಿದೆ. ಸ್ಟಾರ್ಟ್-ಟು-ಸ್ಟಾರ್ಟ್ ಇರುವ ಪ್ರತಿ ಜೋಡಿಯಲ್ಲೂ ಮೊದಲ ಕೆಲಸದ ಅವಧಿಯನ್ನು ಒಂದು ಗಳಿಗೆಗೆ ದುಪ್ಪಟ್ಟು ಮಾಡಿ ನೋಡಬೇಕು. ಎರಡನೆಯ ಕೆಲಸ ಮೊದಲನೆಯದಕ್ಕಿಂತ ಮುಂಚೆ ಮುಗಿದಂತೆ ತೋರಿದರೆ, ಆ ಜೋಡಿಗೆ ತಲೆಯನ್ನು ಕಟ್ಟಿ ಬಾಲವನ್ನು ಬಿಟ್ಟಿದ್ದೇವೆ ಎಂದರ್ಥ.

## ಮೂರನೆಯ ಹಂತ: ಬಾರ್ ಒಡೆಯುವುದು

ಬಾಲವನ್ನು ಕಟ್ಟಲು ಎರಡು ದಾರಿಗಳಿವೆ. ಒಂದು, ಅದೇ ಜೋಡಿಗೆ 3 ದಿನದ ಲ್ಯಾಗ್ ಇರುವ ಫಿನಿಶ್-ಟು-ಫಿನಿಶ್ ಸಂಬಂಧವನ್ನೂ ಸೇರಿಸುವುದು; ಅಂದರೆ ಸರ್ವರ್ ಮುಗಿದು 3 ದಿನ ಕಳೆಯದೆ ಪರದೆಗಳು ಮುಗಿಯಲಾರವು. ತರ್ಕ ಸರಿಯಾಗಿದ್ದರೂ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಒಂದೇ ಜೋಡಿ ಕಾರ್ಯಗಳ ನಡುವೆ ಎರಡು ಸಂಬಂಧಗಳನ್ನು ಹಾಕಲು ಅವಕಾಶವಿಲ್ಲ. ಇನ್ನೊಂದು ದಾರಿ, ದೊಡ್ಡ ಬಾರ್‌ಗಳನ್ನು ಒಡೆದು ತುಂಡುಗಳ ನಡುವೆ ಸಾಮಾನ್ಯ ಫಿನಿಶ್-ಟು-ಸ್ಟಾರ್ಟ್ ಹಾಕುವುದು. ತಂತ್ರಾಂಶದ ಕೆಲಸದಲ್ಲಿ ನನ್ನ ಒಲವು ಎರಡನೆಯದರ ಕಡೆಗೆ. "4 ದಿನದ ಲ್ಯಾಗ್" ಎಂದು ಬರೆದಾಗ ಆ 4 ದಿನದಲ್ಲಿ ಏನು ಕೈಗೆ ಬರುತ್ತದೆ ಎಂಬುದು ಬರೆದವರ ತಲೆಯಲ್ಲಿ ಮಾತ್ರ ಉಳಿಯುತ್ತದೆ. ತುಂಡು ಮಾಡಿದರೆ ಅದಕ್ಕೊಂದು ಹೆಸರು ಬರುತ್ತದೆ.

ಸರ್ವರ್ ಭಾಗದ 10 ದಿನ ಹೀಗೆ ಒಡೆಯುತ್ತದೆ: ಪಟ್ಟಿಗಳಿಗೆ 4, ಏಲಂ ದಾಖಲೆಗೆ 3, ಬಿಲ್ಲಿನ ಲೆಕ್ಕಕ್ಕೆ 3. ಪರದೆಗಳ 12 ದಿನ: ಪಟ್ಟಿಗಳಿಗೆ 4, ಏಲಮ್ಮಿಗೆ 5, ಬಿಲ್ಲಿಗೆ 3. ಪ್ರತಿಯೊಂದು ಪರದೆಯೂ ತನ್ನದೇ ಸರ್ವರ್ ತುಂಡಿಗೂ, ತನ್ನ ಹಿಂದಿನ ಪರದೆಗೂ ಕಾಯುತ್ತದೆ. ಹಿಂದಿನ ಪರದೆಗೆ ಕಾಯುವುದು ತರ್ಕದಿಂದ ಬಂದ ಸಂಬಂಧವಲ್ಲ. ಆ್ಯಪ್ ಬರೆಯುವವರು ಒಬ್ಬರೇ ಇರುವುದರಿಂದ ಬಂದದ್ದು. ಶೀಟಿಗೆ ಜನ ಎಷ್ಟಿದ್ದಾರೆಂಬುದು ತಿಳಿಯದು, ಆದ್ದರಿಂದ ಆ ಬಾಣವನ್ನು ನಾವೇ ಹಾಕಬೇಕು. ನಾಳೆ ಇನ್ನೊಬ್ಬರು ಸೇರಿದರೆ ತೆಗೆಯಬಹುದಾದ ಬಾಣ ಇದು ಎಂದು ಪಕ್ಕದಲ್ಲಿ ಗುರುತು ಹಾಕಿಡುವುದು ಜಾಣತನ.

ಒಡೆದ ಮೇಲೂ ಪರದೆಗಳು ಮುಗಿಯುವುದು ಜುಲೈ 2ಕ್ಕೇ. ದಿನಾಂಕ ಬದಲಾಗಲಿಲ್ಲ, ಆದರೆ ಚಾರ್ಟು ಈಗ ಸತ್ಯ ಹೇಳುತ್ತದೆ. ಬಿಲ್ಲಿನ ಲೆಕ್ಕದ ತುಂಡನ್ನು 3ರಿಂದ 8 ದಿನಕ್ಕೆ ಹಿಗ್ಗಿಸಿದರೆ ಬಿಲ್ಲಿನ ಪರದೆ ತಾನಾಗಿ ಜುಲೈ 2ರಿಂದ 4ಕ್ಕೆ ಸರಿಯುತ್ತದೆ.

## ನಾಲ್ಕನೆಯ ಹಂತ: ಸುಳ್ಳು ಬಾಣವನ್ನು ಹುಡುಕುವುದು

ಇನ್ನೂ ಆಗಸ್ಟ್ 6ರಲ್ಲೇ ಇದ್ದೇವೆ. ಈಗ ಉಳಿದ ಪ್ರತಿಯೊಂದು ಫಿನಿಶ್-ಟು-ಸ್ಟಾರ್ಟ್ ಬಾಣದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಬೇಕು: ಹಿಂದಿನ ಕೆಲಸದಿಂದ ಮುಂದಿನ ಕೆಲಸಕ್ಕೆ ಕೈಬದಲಾಗುವ ವಸ್ತು ಯಾವುದು? ಉತ್ತರವಾಗಿ ಒಂದು ಕಡತವನ್ನೋ, ಒಂದು ಬಿಲ್ಡನ್ನೋ, ಒಂದು ಒಪ್ಪಿಗೆಯನ್ನೋ ಬೆರಳಿಟ್ಟು ತೋರಿಸಲು ಆಗದಿದ್ದರೆ ಆ ಬಾಣ ಅಭ್ಯಾಸಬಲದಿಂದ ಬಂದದ್ದು.

ಬೇಡಿಕೆಯಿಂದ ಡೇಟಾಬೇಸಿಗೆ ಒಪ್ಪಿಗೆಯಾದ ಪಟ್ಟಿ ಹೋಗುತ್ತದೆ, ಸರಿ. ಡೇಟಾಬೇಸಿನಿಂದ ಸರ್ವರ್ ಭಾಗಕ್ಕೆ ಟೇಬಲ್‌ಗಳ ವಿನ್ಯಾಸ ಹೋಗುತ್ತದೆ, ಸರಿ. ಒಳಗಿನ ಪರೀಕ್ಷೆಯಿಂದ ಕ್ಲೋಸ್ಡ್ ಟೆಸ್ಟಿಂಗ್‌ಗೆ ಏನು ಹೋಗುತ್ತದೆ? ದೋಷ ಕಳೆದ ಬಿಲ್ಡ್ ಎಂದು ಹೇಳಬಹುದು. ಆದರೆ ಗೂಗಲ್ ಕೇಳುತ್ತಿರುವುದು 12 ಮಂದಿ 14 ದಿನ ಸೇರಿಕೊಂಡಿರುವುದನ್ನು, ದೋಷರಹಿತ ಆ್ಯಪನ್ನಲ್ಲ. ನಡುವೆ ಎಷ್ಟು ಬಾರಿ ಬೇಕಾದರೂ ಹೊಸ ಬಿಲ್ಡ್ ಏರಿಸಬಹುದು. ಹಾಗಾಗಿ ಕ್ಲೋಸ್ಡ್ ಟೆಸ್ಟಿಂಗ್‌ಗೆ ನಿಜವಾಗಿ ಬೇಕಿರುವುದು ತೆರೆದು ನೋಡಲು ಏನಾದರೂ ಇರುವ ಮೊದಲ ಬಿಲ್ಡ್ ಮಾತ್ರ. ಅದು ಪಟ್ಟಿಗಳ ಪರದೆ ಮುಗಿದ ದಿನ, ಅಂದರೆ ಜೂನ್ 20ಕ್ಕೇ ಸಿಗುತ್ತದೆ.

ಬಾಣವನ್ನು ಒಳಗಿನ ಪರೀಕ್ಷೆಯಿಂದ ಕಿತ್ತು ಪಟ್ಟಿಗಳ ಪರದೆಗೆ ಕಟ್ಟಿದರೆ ಬಿಡುಗಡೆ ಆಗಸ್ಟ್ 6ರಿಂದ ಜುಲೈ 18ಕ್ಕೆ ಬಂದು ನಿಲ್ಲುತ್ತದೆ. ಹತ್ತೊಂಬತ್ತು ದಿನ. ಕಷ್ಟಪಟ್ಟು ಹಾಕಿದ ಸ್ಟಾರ್ಟ್-ಟು-ಸ್ಟಾರ್ಟ್ ಉಳಿಸಿಕೊಟ್ಟದ್ದು ಎಂಟು ದಿನ ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇದು ನಿಯಮ ತಪ್ಪಿಸುವ ಉಪಾಯವೂ ಅಲ್ಲ: ಪರೀಕ್ಷಕರು ಆ್ಯಪನ್ನು ಹೇಗೆ ಬಳಸಿದರು, ಅವರಿಂದ ಏನು ತಿಳಿಯಿತು ಎಂದು ಅರ್ಜಿಯಲ್ಲಿ ಕೇಳುತ್ತಾರೆ, ಬೋಟುಗಳು ದಡದಲ್ಲಿರುವ ಕಾಲದಲ್ಲಿ ಗುಮಾಸ್ತರಿಗೂ ಬೋಟಿನ ಮಾಲೀಕರಿಗೂ ಆ್ಯಪ್ ತೆರೆದು ನೋಡಲು ಬಿಡುವು ಇರುತ್ತದೆ.

ಬಿಲ್ಡ್ ಏರಿಸಿ ಜನರನ್ನು ಸೇರಿಸುವ 3 ದಿನದ ಕೆಲಸವನ್ನು ಪರೀಕ್ಷೆಯವರಿಗೆ ಕೊಟ್ಟಿದ್ದೇವೆ. ಆ್ಯಪ್ ಬರೆಯುವವರಿಗೇ ಕೊಟ್ಟಿದ್ದರೆ ಏಲಂ ಪರದೆ 3 ದಿನ ತಡವಾಗುತ್ತಿತ್ತು.

## ಐದನೆಯ ಹಂತ: ಲ್ಯಾಗ್‌ನ ದಿನ ಯಾವ ದಿನ?

ಇಲ್ಲಿ ಜಾರಿ ಬೀಳುವವರು ಹೆಚ್ಚು. ತಂಡದ ಕೆಲಸವನ್ನು ಕೆಲಸದ ದಿನಗಳಲ್ಲಿ ಎಣಿಸುತ್ತೇವೆ. ಗೂಗಲ್‌ನ 14 ದಿನ ಶನಿವಾರ, ಭಾನುವಾರವೆನ್ನದೆ ಓಡುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ `d` ಎಂದು ಬರೆದರೆ ಕೆಲಸದ ದಿನ, `ed` ಎಂದು ಬರೆದರೆ ಕ್ಯಾಲೆಂಡರ್ ದಿನ. 12 ಮಂದಿ ಸೇರುವುದು ಜೂನ್ 25ರ ಸಂಜೆಗೆ. `14ed` ಎಂದರೆ ಅರ್ಜಿ ಜುಲೈ 10ಕ್ಕೆ, `14d` ಎಂದು ಬರೆದುಬಿಟ್ಟರೆ ಜುಲೈ 16ಕ್ಕೆ. ಒಂದು ಅಕ್ಷರಕ್ಕೆ ಆರು ದಿನ. ಬೇರೆ ತಂತ್ರಾಂಶಗಳಲ್ಲಿ ಈ ವ್ಯತ್ಯಾಸ ಇದೆಯೇ ಎಂದು ತಿಳಿಯಲು, ಶುಕ್ರವಾರ ಮುಗಿಯುವ ಕಾರ್ಯಕ್ಕೆ 3 ದಿನದ ಲ್ಯಾಗ್ ಕೊಟ್ಟು ಮುಂದಿನದು ಮಂಗಳವಾರ ಶುರುವಾಗುತ್ತದೋ ಗುರುವಾರವೋ ಎಂದು ನೋಡಿದರೆ ಸಾಕು. ಗುರುವಾರ ಎಂದಾದರೆ ಅದು ಕೆಲಸದ ದಿನಗಳನ್ನು ಎಣಿಸುತ್ತಿದೆ.

ಶೀಟಿನಲ್ಲಿ ಎರಡೂ ಸುಲಭ. A ಕಾಲಮ್ಮಿನಲ್ಲಿ ಹೆಸರು, B ಯಲ್ಲಿ ಆರಂಭ, C ಯಲ್ಲಿ ಮುಕ್ತಾಯ, D ಯಲ್ಲಿ ಕೆಲಸದ ದಿನಗಳು. ಮೊದಲ ಸಾಲು ಶೀರ್ಷಿಕೆಗೆ. ಕೆಳಗಿನ ಪಟ್ಟಿಯಲ್ಲಿ ಕಾಲಮ್ಮುಗಳ ಕ್ರಮ ಬೇರೆ; ಶೀಟಿನಲ್ಲಿ ಈ ಅಕ್ಷರಗಳನ್ನೇ ಅನುಸರಿಸಬೇಕು.

| ಸಾಲು | ಕಾರ್ಯ | ದಿನ | ಆರಂಭ | ಮುಕ್ತಾಯ |
|---|---|---|---|---|
| 2 | ಬೇಡಿಕೆಗಳು | 4 | ಜೂನ್ 2 | ಜೂನ್ 5 |
| 3 | ಡೇಟಾಬೇಸ್ ವಿನ್ಯಾಸ | 3 | ಜೂನ್ 6 | ಜೂನ್ 10 |
| 4 | ಸರ್ವರ್: ಪಟ್ಟಿಗಳು | 4 | ಜೂನ್ 11 | ಜೂನ್ 16 |
| 5 | ಸರ್ವರ್: ಏಲಂ | 3 | ಜೂನ್ 17 | ಜೂನ್ 19 |
| 6 | ಸರ್ವರ್: ಬಿಲ್ಲು | 3 | ಜೂನ್ 20 | ಜೂನ್ 24 |
| 7 | ಪರದೆ: ಪಟ್ಟಿಗಳು | 4 | ಜೂನ್ 17 | ಜೂನ್ 20 |
| 8 | ಪರದೆ: ಏಲಂ | 5 | ಜೂನ್ 23 | ಜೂನ್ 27 |
| 9 | ಪರದೆ: ಬಿಲ್ಲು | 3 | ಜೂನ್ 30 | ಜುಲೈ 2 |
| 10 | ಒಳಗಿನ ಪರೀಕ್ಷೆ | 5 | ಜುಲೈ 3 | ಜುಲೈ 9 |
| 11 | ಬಿಲ್ಡ್ ಏರಿಸಿ 12 ಮಂದಿಯನ್ನು ಸೇರಿಸುವುದು | 3 | ಜೂನ್ 23 | ಜೂನ್ 25 |
| 12 | ಅನುಮತಿಯ ಅರ್ಜಿ | 1 | ಜುಲೈ 10 | ಜುಲೈ 10 |
| 13 | ಬಿಡುಗಡೆ | 1 | ಜುಲೈ 18 | ಜುಲೈ 18 |

ಮುಕ್ತಾಯದ ಸೂತ್ರ ಎಲ್ಲ ಸಾಲಿಗೂ ಒಂದೇ. ಆರಂಭದ ಸೂತ್ರದಲ್ಲಿ ಸಂಬಂಧ ಅಡಗಿದೆ.

```
C7   =WORKDAY(B7, D7-1)
B7   =WORKDAY(C4, 1)
B9   =WORKDAY(MAX(C6, C8), 1)
B12  =WORKDAY(C11+14, 1)
B13  =WORKDAY(MAX(C10, C12+7), 1)
```

ಎರಡನೆಯ ಗೆರೆ ಬರಿಯ ಫಿನಿಶ್-ಟು-ಸ್ಟಾರ್ಟ್. ಮೂರನೆಯದರಲ್ಲಿ ಎರಡು ಕೆಲಸಗಳಿಗೆ ಕಾಯುವುದರಿಂದ ತಡವಾಗಿ ಮುಗಿಯುವುದನ್ನು `MAX` ಆರಿಸುತ್ತದೆ. ನಾಲ್ಕನೆಯದರಲ್ಲಿ `C11+14` ಎಂಬ ನೇರ ಕೂಡಿಕೆ ಕ್ಯಾಲೆಂಡರ್ ದಿನಗಳನ್ನು ಎಣಿಸುತ್ತದೆ, ಹೊರಗಿನ `WORKDAY` ಅದರ ಮುಂದಿನ ಕೆಲಸದ ದಿನಕ್ಕೆ ತಂದು ನಿಲ್ಲಿಸುತ್ತದೆ. ಕೆಲಸದ ದಿನಗಳ ಲ್ಯಾಗ್ ಬೇಕಿದ್ದರೆ ಕೂಡಿಕೆಯನ್ನು ಕಮಾದ ಆಚೆಗೆ ಹಾಕಬೇಕು. ಫಿನಿಶ್-ಟು-ಸ್ಟಾರ್ಟ್‌ಗೆ 2 ದಿನದ ಲ್ಯಾಗ್ ಎಂದರೆ `=WORKDAY(C4, 3)`. ಶನಿವಾರವೂ ಕೆಲಸ ಮಾಡುವ ತಂಡಗಳು `WORKDAY` ಬದಲು `WORKDAY.INTL` ಬಳಸಿ, ವಾರಾಂತ್ಯದ ಜಾಗದಲ್ಲಿ `11` ಎಂದು ಕೊಟ್ಟರೆ ಭಾನುವಾರ ಮಾತ್ರ ರಜೆಯಾಗುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಶೀರ್ಷಿಕೆಯ ಸಾಲು ಎಣಿಕೆಗೆ ಬಾರದ ಕಾರಣ ಸಂಖ್ಯೆ ಒಂದು ಕಡಿಮೆಯಾಗುತ್ತದೆ. ಅರ್ಜಿಯ ಮುಂದೆ `10FS+14ed` ಎಂದು ಬರೆಯಬೇಕಾಗುತ್ತದೆ.

ಶೀಟು ಸಿದ್ಧವಾದ ಮೇಲೆ D2ರಲ್ಲಿ 4ರ ಬದಲು 6 ಎಂದು ಹಾಕಿ ಇಡೀ ಚಾರ್ಟನ್ನು ಒಮ್ಮೆ ಅಲುಗಾಡಿಸಿ ನೋಡಬೇಕು. ಕೆಳಗಿನ ಎಲ್ಲ ದಿನಾಂಕಗಳೂ ಸರಿಯಬೇಕು. ಸರಿಯದೆ ಕುಳಿತ ಸಾಲಿನಲ್ಲಿ ಯಾರೋ ಸೂತ್ರದ ಮೇಲೆಯೇ ದಿನಾಂಕ ಟೈಪು ಮಾಡಿರುತ್ತಾರೆ. ಸಭೆಯ ನಡುವೆ "ಇದನ್ನು 25ಕ್ಕೆ ಇಡೋಣ" ಎಂದು ಹೇಳಿದಾಗ ಆಗುವ ಅನಾಹುತ ಇದು. ಬಾರ್ ಸರಿಯಾದ ಜಾಗದಲ್ಲೇ ಇರುವುದರಿಂದ ಬಾಣ ಕಡಿದುಹೋದದ್ದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ.

## ಸ್ಟಾರ್ಟ್-ಟು-ಸ್ಟಾರ್ಟ್ ನಿಜಕ್ಕೂ ಒಪ್ಪುವ ಜಾಗ

ಹಾಗಾದರೆ ಸ್ಟಾರ್ಟ್-ಟು-ಸ್ಟಾರ್ಟ್ ಬೇಡವೇ ಎಂದು ಕೇಳಬಹುದು. ಒಡೆಯಲು ಅರ್ಥವಿಲ್ಲದ, ಒಂದೇ ಬಗೆಯಲ್ಲಿ ಹರಿದು ಬರುವ ಕೆಲಸಕ್ಕೆ ಅದು ಬೇಕು. ನಮ್ಮ ಯೋಜನೆಯಲ್ಲಿ ಅಂಥದ್ದೊಂದಿದೆ: ಹಿಂದಿನ ಋತುವಿನ ಬೋಟು ಖಾತೆಗಳ ಬಾಕಿಯನ್ನು ಲೆಕ್ಕದ ಪುಸ್ತಕಗಳಿಂದ ಆ್ಯಪಿಗೆ ಏರಿಸುವುದು. ಏಜೆಂಟರ ಗುಮಾಸ್ತರು 8 ದಿನ ಟೈಪು ಮಾಡುತ್ತಾರೆ, ಪರೀಕ್ಷೆಯವರು ಹಿಂದಿನಿಂದ ತಾಳೆ ನೋಡುತ್ತಾರೆ. ತಾಳೆಗೆ 6 ದಿನ ಸಾಕು. ಪ್ರತಿ ಖಾತೆಗೂ ಒಂದು ಬಾರ್ ಬರೆಯುವುದು ಹುಚ್ಚುತನ.

ಟೈಪು ಮಾಡುವುದು ಒಳಗಿನ ಪರೀಕ್ಷೆ ಮುಗಿದ ಮೇಲೆ, ಜುಲೈ 10ಕ್ಕೆ ಶುರುವಾಗಿ 21ಕ್ಕೆ ಮುಗಿಯುತ್ತದೆ. ಎರಡು ದಿನದ ಪುಟಗಳು ಕೂಡಿಕೊಂಡರೆ ತಾಳೆಯವರಿಗೆ ಕೆಲಸ ಸಿಗುತ್ತದೆ, ಹಾಗಾಗಿ ಲ್ಯಾಗ್ 2 ದಿನ ಎಂದು ಹಾಕಲು ಮನಸ್ಸಾಗುತ್ತದೆ. ಹಾಕಿದರೆ ತಾಳೆ ಜುಲೈ 14ರಿಂದ 21ಕ್ಕೆ, ಟೈಪು ಮುಗಿದ ದಿನವೇ ಮುಗಿಯುತ್ತದೆ. ಕೊನೆಯ ದಿನ ಸಂಜೆ ಟೈಪಾದ ಪುಟಗಳನ್ನು ಯಾರು ನೋಡಿದರು? ಹಿಂದಿನ ಕೆಲಸಕ್ಕಿಂತ ಮುಂದಿನ ಕೆಲಸ ವೇಗವಾಗಿರುವಾಗ ಲ್ಯಾಗ್ ಅನ್ನು ಆರಂಭದಿಂದಲ್ಲ, ಕೊನೆಯಿಂದ ಲೆಕ್ಕ ಹಾಕಬೇಕು. ಟೈಪು ಮುಗಿದ ಮೇಲೆ ತಾಳೆಗೆ ಕನಿಷ್ಠ 1 ದಿನ ಬೇಕು ಎಂದರೆ 8ಕ್ಕೆ 1 ಕೂಡಿ 6 ಕಳೆಯಬೇಕು; ಲ್ಯಾಗ್ 3 ದಿನ. ತಾಳೆ ಜುಲೈ 15ಕ್ಕೆ ಶುರು, 22ಕ್ಕೆ ಮುಕ್ತಾಯ. ಮುಂದಿನ ಕೆಲಸ ನಿಧಾನವಾಗಿದ್ದರೆ, ಅಂದರೆ ತಾಳೆಗೇ 10 ದಿನ ಹಿಡಿಯುವುದಿದ್ದರೆ, ಆರಂಭದ 2 ದಿನವೇ ಸಾಕಾಗುತ್ತದೆ.

ಶೀಟಿನ 14ನೆಯ ಸಾಲಿನಲ್ಲಿ ಟೈಪು, 15ನೆಯ ಸಾಲಿನಲ್ಲಿ ತಾಳೆ ಇಟ್ಟರೆ ತಲೆ, ಬಾಲ ಎರಡನ್ನೂ ಒಂದೇ ಸೂತ್ರ ಕಟ್ಟುತ್ತದೆ:

```
B15  =MAX(WORKDAY(B14, 2), WORKDAY(WORKDAY(C14, 1), 1-D15))
```

ಮೊದಲ ಭಾಗ ಸ್ಟಾರ್ಟ್-ಟು-ಸ್ಟಾರ್ಟ್; ಎರಡನೆಯದು ಟೈಪು ಮುಗಿದ ಮರುದಿನದಿಂದ ಹಿಂದಕ್ಕೆ ಎಣಿಸಿ ಬರುತ್ತದೆ. ಗುಮಾಸ್ತರಿಗೆ 8ರ ಬದಲು 11 ದಿನ ಹಿಡಿದರೆ ತಾಳೆ ತಾನಾಗಿ ಮುಂದಿನ ದಿನಾಂಕಕ್ಕೆ ಸರಿಯುತ್ತದೆ.

## ಲ್ಯಾಗ್ ಆಗಬಾರದ ಕಾಯುವಿಕೆ

ಕಾಯುವ ಅವಧಿಯನ್ನೆಲ್ಲ ಲ್ಯಾಗ್ ಮಾಡುವುದು ಸರಿಯಲ್ಲ. ಲ್ಯಾಗ್‌ಗೆ ಬಾರ್ ಇಲ್ಲ, ಹೆಸರಿಲ್ಲ, ನೋಡಿಕೊಳ್ಳುವವರಿಲ್ಲ. ಚಾರ್ಟಿನಲ್ಲಿ ಅದೊಂದು ಖಾಲಿ ಜಾಗ. ಅರ್ಜಿಯ ಪರಿಶೀಲನೆಯ 7 ದಿನಕ್ಕೆ ಅದು ಸರಿ, ಏಕೆಂದರೆ ಆ ಅವಧಿಯಲ್ಲಿ ನಾವು ಮಾಡುವಂಥದ್ದೇನೂ ಇಲ್ಲ. 14 ದಿನದ ಕಾಯುವಿಕೆಗೆ ಸರಿಯಲ್ಲ. ಅಲ್ಲಿ ದಿನವೂ ನೋಡಬೇಕಾದ ಒಂದು ಸಂಖ್ಯೆಯಿದೆ: ಸೇರಿಕೊಂಡಿರುವ ಪರೀಕ್ಷಕರು 12ಕ್ಕಿಂತ ಕೆಳಗಿಳಿದರೇ ಎಂಬುದು. ಆದ್ದರಿಂದ ಮೇಲಿನ ಶೀಟಿನಲ್ಲಿ ಸೂತ್ರದೊಳಗೆ ಬಚ್ಚಿಟ್ಟ 14ನ್ನು ಹೊರತೆಗೆದು, "ಕ್ಲೋಸ್ಡ್ ಟೆಸ್ಟಿಂಗ್, ಪರೀಕ್ಷಕರ ಎಣಿಕೆ ನೋಡುವುದು" ಎಂಬ ಪ್ರತ್ಯೇಕ ಸಾಲು ಮಾಡಿ, ಎದುರಿಗೆ ಒಬ್ಬರ ಹೆಸರು ಬರೆಯುವುದೇ ಲೇಸು. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಅವಧಿಯ ಜಾಗದಲ್ಲೂ `14ed` ಎಂದು ಬರೆಯಬಹುದು.

ಎಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಸರಿಯಾಗಿ 12 ಮಂದಿಯನ್ನಷ್ಟೇ ಸೇರಿಸಿದ್ದು, ಜುಲೈ 4ರಂದು ಒಬ್ಬರು ಹೊರಹೋಗಿ, ಅವರ ಬದಲಿಗೆ ಜುಲೈ 7ಕ್ಕೆ ಇನ್ನೊಬ್ಬರು ಬಂದರು ಎನ್ನೋಣ. ಹೊಸಬರು ಸೇರಿಕೊಂಡು 14 ದಿನ ಆಗುವವರೆಗೆ 12ರ ಸತತ ಎಣಿಕೆ ಪೂರ್ಣವಾಗುವುದಿಲ್ಲ. ಹಾಗಾಗಿ C11ರಲ್ಲಿ ಜೂನ್ 25ರ ಬದಲು ಜುಲೈ 7 ಬರುತ್ತದೆ. ಅರ್ಜಿ ಜುಲೈ 22ಕ್ಕೆ, ಬಿಡುಗಡೆ ಜುಲೈ 30ಕ್ಕೆ. ಬಿಡುಗಡೆಯ ಬಿಲ್ಡಿಗೂ ಪ್ಲೇ ಸ್ಟೋರಿನ ಪರಿಶೀಲನೆ ಇರುವುದರಿಂದ ಇದು ಗಡುವು ಮೀರಿದಂತೆಯೇ. C11ರಲ್ಲಿ ಜುಲೈ 8ನ್ನು ಹಾಕಿದರೆ ಬಿಡುಗಡೆ ಜುಲೈ 31ಕ್ಕೆ, 9ನ್ನು ಹಾಕಿದರೆ ಆಗಸ್ಟ್ 1ಕ್ಕೆ ಬೀಳುತ್ತದೆ. ಮೂಲ ಯೋಜನೆಯಲ್ಲಿ ಒಳಗಿನ ಪರೀಕ್ಷೆ ಜುಲೈ 9ಕ್ಕೆ ಮುಗಿದರೂ ಬಿಡುಗಡೆಗೆ ಮುನ್ನ 6 ಕೆಲಸದ ದಿನಗಳ ಬಿಡುವಿದೆ. ಬಿಲ್ಲಿನ ಲೆಕ್ಕ 5 ದಿನ ತಡವಾದಾಗಲೂ ಅದರಲ್ಲಿ 4 ಉಳಿಯುತ್ತದೆ. ಪರೀಕ್ಷಕರ ಸಾಲಿಗೆ ಒಂದು ದಿನದ ಬಿಡುವೂ ಇಲ್ಲ. ತಂಡದವರೆಲ್ಲ ಬಿಲ್ಲಿನ ಲೆಕ್ಕದ ತಡವನ್ನೇ ನೋಡುತ್ತ ಕುಳಿತಿರುವಾಗ, ಯಾರೋ ಒಬ್ಬರು ಪರೀಕ್ಷಕರ ಪಟ್ಟಿಯಿಂದ ಹೊರಹೋದದ್ದರಿಂದ ಆಗಸ್ಟ್ 1 ಕೈತಪ್ಪಬಹುದು. 12ರ ಬದಲು 16 ಅಥವಾ 18 ಮಂದಿಯನ್ನು ಮೊದಲೇ ಸೇರಿಸಿಕೊಳ್ಳಲು ಆ ಮೂರು ದಿನಗಳಲ್ಲಿ ಹೆಚ್ಚೆಂದರೆ ಒಂದು ಮಧ್ಯಾಹ್ನ ಹೆಚ್ಚು ಬೇಕಾದೀತು.